ಪಿಸಿಒಎಸ್ ಮತ್ತು ಗದ್ದದ ಕೂದಲು: ಅಂಕಕ್ಕೆ ಸಿಗದ ಸಂಕಟ

ಪಿಸಿಒಎಸ್ ಎಂದರೆ ಹಾರ್ಮೋನ್ ಏರುಪೇರಿನಿಂದ ಮುಟ್ಟು ಕ್ರಮ ತಪ್ಪುವ, ಮುಖದಲ್ಲಿ ದಪ್ಪ ಕೂದಲು ಬೆಳೆಯಬಹುದಾದ ತೊಂದರೆ. ಅದಿರುವ ಹುಡುಗಿ ಡಾಕ್ಟರ ಮುಂದೆ ಕೂತಾಗ ಮೊದಲು ಹೇಳುವುದು ಮುಟ್ಟಿನ ವಿಷಯ. ಗದ್ದದ ಕೂದಲಿನ ಮಾತು ಬರುವುದು ಎದ್ದು ಹೊರಡುವ ಹೊತ್ತಿಗೆ, ಅದೂ ಜೊತೆಗೆ ಬಂದ ಅಮ್ಮ ಬಾಗಿಲಾಚೆ ಹೋದ ಮೇಲೆ. ಹಿಂದಿನ ದಿನವೇ ಥ್ರೆಡಿಂಗ್ ಮಾಡಿಸಿಕೊಂಡು ಬಂದಿರುವುದರಿಂದ ಮುಖ ನುಣ್ಣಗಿರುತ್ತದೆ. ಡಾಕ್ಟರ ಕಣ್ಣಿಗೆ ಏನೂ ಬೀಳುವುದಿಲ್ಲ, ಫೈಲಿನಲ್ಲಿ ಏನೂ ಬರೆಯುವುದಿಲ್ಲ. ಅವಳನ್ನು ದಿನವಿಡೀ ಕಾಡುವ ಲಕ್ಷಣವೊಂದು ಹೀಗೆ ದಾಖಲೆಯಿಂದಲೇ ತಪ್ಪಿಸಿಕೊಳ್ಳುತ್ತದೆ.

ಹಲವರ ವಿವರಗಳನ್ನು ಸೇರಿಸಿ ಕಟ್ಟಿದ ಒಂದು ಉದಾಹರಣೆ ಇಟ್ಟುಕೊಳ್ಳೋಣ. ವಯಸ್ಸು 23, ದಾವಣಗೆರೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದವಳು, ಪಿಜಿಯಲ್ಲಿ ವಾಸ. ಮೈನೆರೆದದ್ದು 13ಕ್ಕೆ. ಈಗಲೂ ಮುಟ್ಟು ಬರುವುದು 50-60 ದಿನಕ್ಕೊಮ್ಮೆ. ಗದ್ದದ ಕೆಳಗೆ, ದವಡೆಯಂಚಿನಲ್ಲಿ, ಮೇಲ್ದುಟಿಯ ಎರಡು ಮೂಲೆಯಲ್ಲಿ ದಪ್ಪ ಕಪ್ಪು ಕೂದಲು. ರೂಮ್‌ಮೇಟ್ ಏಳುವ ಮೊದಲೇ ಎದ್ದು, ಕಿಟಕಿ ಪಕ್ಕ ಫೋನ್ ಕ್ಯಾಮೆರಾ ಹಿಡಿದು ಪ್ಲಕರ್‌ನಿಂದ ಕಿತ್ತುಕೊಳ್ಳುತ್ತಾಳೆ. ಅರ್ಧ ಗಂಟೆ ಹಿಡಿಯುತ್ತದೆ. ಆಫೀಸಿನಲ್ಲಿ ಬೆಳಕಿಗೆ ಬೆನ್ನು ಮಾಡಿ ಕೂರುತ್ತಾಳೆ, ಮಾತಾಡುವಾಗ ಕೈ ತಾನಾಗಿ ಗದ್ದಕ್ಕೆ ಹೋಗುತ್ತದೆ. ಚಿಕ್ಕಮ್ಮನ ಮಗಳ ಅರಿಶಿನ ಶಾಸ್ತ್ರಕ್ಕೆ ಹೋಗಲಿಲ್ಲ. ಎಲ್ಲರೂ ಕೆನ್ನೆ ಗದ್ದ ಮುಟ್ಟಿ ಅರಿಶಿನ ಹಚ್ಚುತ್ತಾರಲ್ಲ, ಕೈಗೆ ಚುಚ್ಚಿದರೆ ಎಂಬ ಭಯ.

ಕೂದಲನ್ನು ಅಳೆಯಲು ವೈದ್ಯರು ಬಳಸುವುದು ಫೆರಿಮನ್-ಗಾಲ್ವೆ ಅಂಕಪಟ್ಟಿ. ಮೇಲ್ದುಟಿ, ಗದ್ದ, ಎದೆ, ಬೆನ್ನಿನ ಮೇಲ್ಭಾಗ ಹಾಗೂ ಕೆಳಭಾಗ, ಹೊಟ್ಟೆಯ ಮೇಲ್ಭಾಗ ಹಾಗೂ ಕೆಳಭಾಗ, ತೋಳು, ತೊಡೆ ಎಂದು ಒಂಬತ್ತು ಜಾಗ, ಪ್ರತಿಯೊಂದಕ್ಕೂ 0ಯಿಂದ 4 ಅಂಕ. ಲೆಕ್ಕಕ್ಕೆ ಬರುವುದು ದಪ್ಪ, ಕಪ್ಪು ಕೂದಲು ಮಾತ್ರ, ನವಿರುಕೂದಲಲ್ಲ. ಒಟ್ಟು 4ರಿಂದ 6 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅತಿರೋಮ ಎಂದು ಗಣಿಸಬೇಕು ಎನ್ನುತ್ತದೆ ಈಗಿನ ಅಂತಾರಾಷ್ಟ್ರೀಯ ಮಾರ್ಗಸೂಚಿ. ನಮ್ಮ ಹುಡುಗಿಗೆ ಗದ್ದ 2, ಮೇಲ್ದುಟಿ 2, ಕೆಳಹೊಟ್ಟೆ 2, ಒಟ್ಟು 6. ಗರಿಷ್ಠ 36ರಲ್ಲಿ 6 ಎಂದರೆ ಕಾಗದದ ಮೇಲೆ ಸೌಮ್ಯ. ಆದರೆ ನಮ್ಮ ಹೆಣ್ಣುಮಕ್ಕಳು ಹೆಚ್ಚಾಗಿ ದೂರುವ ಕೃತಾ ಮತ್ತು ಕತ್ತಿನ ಕೂದಲಿಗೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ! ಬೆನ್ನಿನ ಕೂದಲನ್ನು ಬಟ್ಟೆ ಮುಚ್ಚುತ್ತದೆ, ಗದ್ದದ್ದನ್ನು ಯಾವುದೂ ಮುಚ್ಚುವುದಿಲ್ಲ. ಆದ್ದರಿಂದ ಅಂಕ ಎಷ್ಟು ಎಂಬುದರಿಂದ ಸಂಕಟ ಎಷ್ಟು ಎಂದು ಹೇಳಲಾಗದು. ಚಿಕಿತ್ಸೆ ಬೇಕೇ ಬೇಡವೇ ಎಂಬುದನ್ನು ಸಂಕಟ ನೋಡಿ ತೀರ್ಮಾನಿಸಬೇಕು. ಡಾಕ್ಟರ ಬಳಿ ಹೋಗುವ ಮುನ್ನ ಕೂದಲು ತೆಗೆಯದಿರುವುದು ಒಳ್ಳೆಯದು. ಅದು ಸಾಧ್ಯವೇ ಇಲ್ಲವೆಂದರೆ ಬೆಳೆದಿರುವಾಗ ಒಂದು ಫೋಟೊ ತೆಗೆದಿಟ್ಟುಕೊಂಡು ತೋರಿಸಬಹುದು.

ಇನ್ನು ರೋಗಪತ್ತೆ. ಮೂರರಲ್ಲಿ ಎರಡು ಇರಬೇಕು: ಮುಟ್ಟಿನ ಏರುಪೇರು, ಟೆಸ್ಟೋಸ್ಟಿರಾನ್‌ನಂಥ ಆಂಡ್ರೊಜನ್ ಹಾರ್ಮೋನ್ ಹೆಚ್ಚಿರುವ ಲಕ್ಷಣ ಅಥವಾ ರಕ್ತಪರೀಕ್ಷೆಯ ಪುರಾವೆ, ಸ್ಕ್ಯಾನಿನಲ್ಲಿ ಹೆಚ್ಚು ಕಿರುಚೀಲಗಳಿರುವ ಅಂಡಾಶಯ. ಇವಳಿಗೆ ಮೊದಲೆರಡೂ ಇವೆ, ಆದ್ದರಿಂದ ರೋಗಪತ್ತೆಗೆ ಸ್ಕ್ಯಾನ್ ಬೇಕಿಲ್ಲ. ಮೈನೆರೆದು ಎಂಟು ವರ್ಷ ಆಗದ ಹುಡುಗಿಯರಲ್ಲಂತೂ ಸ್ಕ್ಯಾನ್ ನೋಡಿ ಪಿಸಿಒಎಸ್ ಎನ್ನಲೇಬಾರದು, ಆ ವಯಸ್ಸಿನ ಆರೋಗ್ಯವಂತ ಅಂಡಾಶಯವೂ ಹಾಗೇ ಕಾಣುತ್ತದೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಬೆಳಗಿನ 17-ಹೈಡ್ರಾಕ್ಸಿಪ್ರೊಜೆಸ್ಟರಾನ್ ಪರೀಕ್ಷೆ ಮಾಡಿಸಿ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕೆಲವೇ ತಿಂಗಳಲ್ಲಿ ಮೈತುಂಬ ಕೂದಲು ಬಂದರೆ, ದನಿ ಗಡುಸಾದರೆ ಅದು ಪಿಸಿಒಎಸ್‌ನ ನಡೆಯಲ್ಲ. ಅಂಡಾಶಯ ಅಥವಾ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆಯಿದೆಯೇ ಎಂದು ತಡಮಾಡದೆ ನೋಡಬೇಕು.

ಇವಳ ರಿಪೋರ್ಟಿನಲ್ಲಿ ಒಟ್ಟು ಟೆಸ್ಟೋಸ್ಟಿರಾನ್ ಡೆಸಿಲೀಟರಿಗೆ 72 ನ್ಯಾನೊಗ್ರಾಂ. ಲ್ಯಾಬ್ ತೋರಿಸಿದ ಮೇಲಿನ ಮಿತಿ 60. "ಗಂಡಸರ ಹಾರ್ಮೋನ್ ಜಾಸ್ತಿಯಾಗಿದೆಮ್ಮಾ" ಎಂದರು ರಿಪೋರ್ಟ್ ನೋಡಿದವರು. ಆ ಒಂದು ಮಾತು ಅವಳ ತಲೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ತಾನು ಪೂರ್ತಿ ಹೆಣ್ಣಲ್ಲವೇನೋ ಎಂಬ ಅನುಮಾನ ಶುರುವಾಗುವುದೂ ಎಷ್ಟೋ ಸಲ ಇಲ್ಲಿಂದಲೇ. ಅದೇ ಕಾಗದ ತೋರಿಸಿ ಹೇಳಬೇಕಾದದ್ದು ಇಷ್ಟು: ವಯಸ್ಕ ಗಂಡಸರಲ್ಲಿ ಇದೇ ಲೆಕ್ಕ ಸುಮಾರು 300ರಿಂದ 1000. ಟೆಸ್ಟೋಸ್ಟಿರಾನ್ ಪ್ರತಿಯೊಬ್ಬ ಹೆಣ್ಣಿನ ಅಂಡಾಶಯದಲ್ಲೂ ತಯಾರಾಗುತ್ತದೆ, ಈಸ್ಟ್ರೊಜನ್ ತಯಾರಾಗುವುದೂ ಅದರಿಂದಲೇ. ಪಿಸಿಒಎಸ್‌ನಲ್ಲಿ ಇನ್ಸುಲಿನ್ ಹೆಚ್ಚಿ ಅಂಡಾಶಯವನ್ನು ಕೆಣಕುತ್ತದೆ. ಜೊತೆಗೆ, ಟೆಸ್ಟೋಸ್ಟಿರಾನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನನ್ನು ಯಕೃತ್ತು ಕಡಿಮೆ ತಯಾರಿಸುವಂತೆ ಮಾಡುತ್ತದೆ. ಹಾಗಾಗಿ ಒಟ್ಟು ಪ್ರಮಾಣ ಸ್ವಲ್ಪವೇ ಏರಿದರೂ ಬಿಡಿಯಾಗಿ ಓಡಾಡುವ ಭಾಗ ಹೆಚ್ಚುತ್ತದೆ. ಅದು ಗದ್ದದ ನವಿರುಕೂದಲನ್ನು ದಪ್ಪಗಾಗಿಸುತ್ತದೆ, ನೆತ್ತಿಯ ದಪ್ಪ ಕೂದಲನ್ನು ತೆಳ್ಳಗಾಗಿಸುತ್ತದೆ. ಬೇಡದ ಕಡೆ ಬೆಳೆದು ಬೇಕಾದ ಕಡೆ ಉದುರುವುದು ಒಂದೇ ಕಾರಣಕ್ಕೆ.

ಒಮ್ಮೆ ದಪ್ಪವಾದ ಕೂದಲು ಹಾರ್ಮೋನ್ ತಗ್ಗಿದ ಮಾತ್ರಕ್ಕೆ ಮರಳಿ ನವಿರಾಗುವುದಿಲ್ಲ. "ತೂಕ ಇಳಿಸು, ಎಲ್ಲಾ ಸರಿಹೋಗುತ್ತೆ" ಎಂಬ ಸಲಹೆ ಅರ್ಧ ಸತ್ಯವಾಗುವುದು ಇಲ್ಲೇ. ದೇಹದ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೆ ಮುಟ್ಟಿಗೂ ಇನ್ಸುಲಿನ್‌ಗೂ ಅನುಕೂಲವಾಗಬಹುದು, ಆದರೆ ಗದ್ದದಲ್ಲಿ ಈಗಾಗಲೇ ಇರುವ ಕೂದಲು ಅಲ್ಲೇ ಇರುತ್ತದೆ. ಉಪವಾಸ ಕೂತು ಆರು ಕಿಲೊ ಇಳಿಸಿದ ಹುಡುಗಿ ಕನ್ನಡಿ ನೋಡಿ ಸೋತುಹೋಗುತ್ತಾಳೆ, ರಾತ್ರಿ ಹೊಟ್ಟೆ ಬಿರಿಯುವಷ್ಟು ತಿನ್ನಲು ಶುರುಮಾಡುತ್ತಾಳೆ. ತೆಳ್ಳಗಿರುವವರಿಗೂ ಪಿಸಿಒಎಸ್ ಬರುತ್ತದೆಂಬುದು ಬೇರೆ ಮಾತು. ತೂಕ ಇಳಿಯುವವರೆಗೆ ಕೂದಲಿನ ಚಿಕಿತ್ಸೆ ಮುಂದೂಡಲು ಕಾರಣವೇ ಇಲ್ಲ, ಎರಡೂ ಒಟ್ಟಿಗೆ ನಡೆಯಬಹುದು.

ಚಿಕಿತ್ಸೆಯ ಮೊದಲ ಹೆಜ್ಜೆ ಔಷಧವಲ್ಲ, ಪ್ಲಕರ್ ಮತ್ತು ದಾರ ಬಿಡುವುದು. ಏಕೆಂದರೆ ಮುಂದಿನ ಹೆಜ್ಜೆ ಲೇಸರ್. ಅದರ ಬೆಳಕು ಕೂದಲಿನ ಕಪ್ಪು ಬಣ್ಣಕ್ಕೆ ತಗುಲಿ, ಬಿಸಿ ಬುಡಕ್ಕೆ ಇಳಿದು ಅದನ್ನು ಸುಡುತ್ತದೆ. ಬುಡಸಮೇತ ಕಿತ್ತಿದ್ದರೆ ಬೆಳಕಿಗೆ ಗುರಿಯೇ ಇರುವುದಿಲ್ಲ. ಆದ್ದರಿಂದ ನಾಲ್ಕರಿಂದ ಆರು ವಾರ ಥ್ರೆಡಿಂಗ್, ವ್ಯಾಕ್ಸಿಂಗ್, ಪ್ಲಕಿಂಗ್ ಇಲ್ಲ. ಆ ಅವಧಿಯಲ್ಲೂ, ಎರಡು ಸಿಟ್ಟಿಂಗ್‌ಗಳ ನಡುವೆಯೂ ರೇಜರ್ ಬಳಸಬಹುದು. ಹೆಚ್ಚಿನವರು ಅಳುವುದು ಇಲ್ಲಿ. ಪ್ಲಕರ್ ಹಿಡಿದು ವರ್ಷಗಟ್ಟಲೆ ಕಿತ್ತುಕೊಂಡವಳಿಗೂ ರೇಜರ್ ಎಂದಾಕ್ಷಣ ಅಪ್ಪನ ಶೇವಿಂಗ್ ಸೆಟ್ ನೆನಪಾಗುತ್ತದೆ, "ಗಡ್ಡ ಕೆರೆದುಕೊಳ್ಳುವವಳು" ಎಂಬ ಮಾತು ಕಿವಿಯಲ್ಲಿ ಮೊಳಗುತ್ತದೆ. ಕೆರೆದರೆ ಕೂದಲು ದಪ್ಪವಾಗುವುದಿಲ್ಲ. ತುದಿ ಚೂಪಾಗಿರುವ ಬದಲು ಮೊಂಡಾಗಿರುವುದರಿಂದ ಕೈಗೆ ಒರಟು ಅನ್ನಿಸುತ್ತದೆ, ಅಷ್ಟೆ. ಬುಡಕ್ಕೆ ರೇಜರ್ ತಾಗುವುದೇ ಇಲ್ಲ. ಬೆಚ್ಚನೆ ನೀರಲ್ಲಿ ಮುಖ ತೊಳೆದು, ಜೆಲ್ ಹಚ್ಚಿ, ಕೂದಲು ಬೆಳೆದ ದಿಕ್ಕಿಗೇ ಹಗುರವಾಗಿ ಎಳೆಯಬೇಕು. ಬ್ಲೇಡ್ ಬೇರೆಯವರದ್ದಾಗಿರಬಾರದು. ಕಿತ್ತಾಗ ಆಗುತ್ತಿದ್ದ ಗುಳ್ಳೆ, ಒಳಗೇ ಸುತ್ತಿಕೊಂಡ ಕೂದಲು, ಆಮೇಲೆ ಉಳಿಯುವ ಕಂದು ಕಲೆ ಎಲ್ಲವೂ ಇದರಲ್ಲಿ ಕಡಿಮೆ. ಗದ್ದ ಕಪ್ಪಾಗಿ ಕಾಣಲು ಎಷ್ಟೋ ಸಲ ಕೂದಲಿಗಿಂತ ಆ ಕಲೆಯೇ ಕಾರಣ. ಮೆಡಿಕಲ್ ಶಾಪಿನವರು ಕೊಡುವ, ಸ್ಟಿರಾಯ್ಡ್ ಬೆರೆತ ಬಿಳುಪಿನ ಕ್ರೀಮ್ ಮೊದಲ ವಾರ ಕಲೆಯನ್ನು ತಿಳಿಗೊಳಿಸಿದಂತೆ ಕಂಡರೂ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಮುಖದ ಕೂದಲು ಇನ್ನೂ ಹೆಚ್ಚುತ್ತದೆ.

ನಮ್ಮ ಗೋಧಿ ಮತ್ತು ಕಪ್ಪು ಬಣ್ಣದ ಚರ್ಮಕ್ಕೆ 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ, ಅನುಭವಿ ಕೈಯಲ್ಲಿ 810ರ ಸುಮಾರಿನ ಡಯೋಡ್ ಕೂಡ ಆಗಬಹುದು. ಮೊದಲು ಕಿವಿಯ ಮುಂದೆಯೋ ದವಡೆಯ ಕೆಳಗೋ ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ನಾಲ್ಕರಿಂದ ಆರು ವಾರಕ್ಕೊಂದು ಸಿಟ್ಟಿಂಗ್. ಸಾಮಾನ್ಯವಾಗಿ ಆರರಿಂದ ಎಂಟು ಹೇಳುತ್ತಾರಾದರೂ ಪಿಸಿಒಎಸ್ ಇರುವವರಿಗೆ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ, ಮುಂದೆ ಆಗಾಗ ಒಂದೊಂದು ಮರುಸಿಟ್ಟಿಂಗೂ ಬೇಕು. "ಆರು ಸಿಟ್ಟಿಂಗ್, ಶಾಶ್ವತ ಪರಿಹಾರ" ಎಂದು ಪ್ಯಾಕೇಜ್ ಮಾರುವವರು ಈ ವಿಷಯ ಹೇಳುವುದಿಲ್ಲ. ಮಾಡಿಸಿದ ಒಂದರಿಂದ ಮೂರು ವಾರದಲ್ಲಿ ಸುಟ್ಟ ಕೂದಲು ಹೊರಗೆ ತಳ್ಳಿಕೊಂಡು ಬರುತ್ತದೆ. ಬೆಳೆಯುತ್ತಿದೆ ಎಂದು ಗಾಬರಿಯಾಗಿ ಕಿತ್ತುಹಾಕಿದರೆ ಮುಂದಿನ ಸಿಟ್ಟಿಂಗ್ ಅಷ್ಟರ ಮಟ್ಟಿಗೆ ದಂಡ. ಕೆಲವರಿಗೆ, ಅದರಲ್ಲೂ ದವಡೆ ಮತ್ತು ಕೆನ್ನೆಯ ತೆಳುಕೂದಲಿಗೆ ಲೇಸರ್ ತಗುಲಿದಾಗ, ಸುಡುವ ಬದಲು ಹೊಸ ಕೂದಲು ಕೆರಳುವುದುಂಟು. ಹಾಗೆ ಅನಿಸಿದರೆ ಹಳೆಯ ಫೋಟೊ ಪಕ್ಕ ಇಟ್ಟು ವೈದ್ಯರಿಗೆ ತೋರಿಸಬೇಕು, ಸುಮ್ಮನೆ ಮುಂದುವರಿಸಬಾರದು.

ಹೊಸ ಕೂದಲು ದಪ್ಪಗಾಗದಂತೆ ತಡೆಯಲು ಒಳಗಿನ ಔಷಧ ಬೇಕು. ಮೊದಲ ಆಯ್ಕೆ ಈಸ್ಟ್ರೊಜನ್-ಪ್ರೊಜೆಸ್ಟಿನ್ ಎರಡೂ ಇರುವ ಮಾತ್ರೆ, ಅಂದರೆ ಗರ್ಭನಿರೋಧಕ ಮಾತ್ರೆಯೇ. ಮದುವೆಯಾಗದ ಹುಡುಗಿಗೆ ಇದೇಕೆ ಎಂದು ಮನೆಯವರು ಹಿಂಜರಿಯುತ್ತಾರೆ. ಅದು ಅಂಡಾಶಯದಲ್ಲಿ ಟೆಸ್ಟೋಸ್ಟಿರಾನ್ ತಯಾರಿಕೆಯನ್ನು ತಗ್ಗಿಸುತ್ತದೆ, ಹಿಡಿದಿಡುವ ಪ್ರೋಟೀನನ್ನು ಹೆಚ್ಚಿಸುತ್ತದೆ ಎಂದು ಅಮ್ಮನನ್ನೂ ಕೂರಿಸಿಕೊಂಡು ಹೇಳಿದರೆ ಅರ್ಧ ತಕರಾರು ಮುಗಿಯುತ್ತದೆ. ನಿಲ್ಲಿಸಿದ ಮೇಲೆ ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ. ಕಣ್ಣಮುಂದೆ ಮಿಂಚು ಕಾಣಿಸಿಕೊಂಡು ಬರುವ ಮೈಗ್ರೇನ್, ಅಧಿಕ ರಕ್ತದೊತ್ತಡ, ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ ಇದ್ದವರಿಗೆ ಈ ಮಾತ್ರೆ ಕೊಡುವುದಿಲ್ಲ. ಕೂದಲಿನ ಚಕ್ರ ನಿಧಾನವಾದ್ದರಿಂದ ಆರು ತಿಂಗಳಿಗೆ ಮೊದಲು ಗುಣ ತೂಗಬಾರದು. ಆರನೇ ತಿಂಗಳಿಗೂ ಸಾಲದಿದ್ದರೆ ಸ್ಪೈರೊನೊಲ್ಯಾಕ್ಟೋನ್ ಸೇರಿಸುತ್ತಾರೆ, ದಿನಕ್ಕೆ 25ರಿಂದ 100 ಮಿಲಿಗ್ರಾಂ. ಅದನ್ನು ತೆಗೆದುಕೊಳ್ಳುವಾಗ ಬಸಿರಾಗಬಾರದು, ಗಂಡು ಭ್ರೂಣದ ಬೆಳವಣಿಗೆಗೆ ತೊಂದರೆಯಾಗಬಹುದು.

ಕೂದಲು ಕಡಿಮೆಯಾದರೆ ಮನಸ್ಸೂ ಹಗುರವಾಗುತ್ತದೆಯೇ? ಬ್ರಿಟನ್ನಿನಲ್ಲಿ ಪಿಸಿಒಎಸ್ ಇರುವ ಮಹಿಳೆಯರ ಮುಖಕ್ಕೆ ಲೇಸರ್ ಮಾಡಿ ನೋಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಸರಿಯಾದ ಶಕ್ತಿಯ ಲೇಸರ್ ಪಡೆದವರಲ್ಲಿ ಖಿನ್ನತೆ, ಆತಂಕ ಎರಡೂ ಇಳಿದವು, ಕೂದಲು ತೆಗೆಯಲು ಹಿಡಿಯುತ್ತಿದ್ದ ಹೊತ್ತೂ ಗಣನೀಯವಾಗಿ ಕಡಿಮೆಯಾಯಿತು. ಆದರೆ ಎಲ್ಲರಲ್ಲೂ ಹೀಗಾಗುವುದಿಲ್ಲ. ಕೂದಲು ಹೋದ ಮೇಲೂ ಗದ್ದ ತಡವುವ ಕೈ ನಿಲ್ಲದವರಿದ್ದಾರೆ. ಅದಕ್ಕೇ ಪಿಸಿಒಎಸ್ ಪತ್ತೆಯಾದ ದಿನವೇ ಒಂದೆರಡು ಪ್ರಶ್ನೆ ಕೇಳಬೇಕು: ನೋಟದ ಚಿಂತೆಯಲ್ಲಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೋಗುತ್ತಿದೆಯೇ? ಅದರಿಂದ ಏನೇನು ಬಿಟ್ಟಿದ್ದೀಯ? ಎರಡನೆಯದಕ್ಕೆ ಬರುವ ಉತ್ತರವೇ ಹೆಚ್ಚು ಹೇಳುತ್ತದೆ. ಮದುವೆ ಮನೆ, ಈಜು, ಹಾಸ್ಟೆಲ್ ಗೆಳತಿಯರ ಜೊತೆ ಮಲಗುವುದು, ವಿಡಿಯೊ ಕಾಲ್ ಎಂದು ಪಟ್ಟಿ ಬೆಳೆದರೆ, ಊಟ ನಿದ್ರೆ ಕೆಟ್ಟಿದ್ದರೆ, ಚರ್ಮರೋಗ ತಜ್ಞರ ಚೀಟಿಯ ಜೊತೆಗೆ ಮನಶ್ಶಾಸ್ತ್ರಜ್ಞರ ಚೀಟಿಯನ್ನೂ ಅಂದೇ ಬರೆದುಕೊಡಬೇಕು. ಆ ಬಿಟ್ಟುಬಿಟ್ಟ ಪಟ್ಟಿಯನ್ನು ಫೈಲಿನಲ್ಲಿ ಗುರುತು ಹಾಕಿಟ್ಟು ಆರನೇ ತಿಂಗಳಲ್ಲಿ ಫೆರಿಮನ್-ಗಾಲ್ವೆ ಅಂಕದ ಜೊತೆ ಅದನ್ನೂ ಕೇಳಬೇಕು. ಅಂಕ 6ರಿಂದ 3ಕ್ಕೆ ಇಳಿದು ಪಟ್ಟಿ ಹಾಗೇ ಇದ್ದರೆ ಹೆಚ್ಚಿಸಬೇಕಾದದ್ದು ಲೇಸರ್ ಸಿಟ್ಟಿಂಗನ್ನಲ್ಲ, ಕೌನ್ಸೆಲಿಂಗ್ ಭೇಟಿಯನ್ನು.