ಮುಟ್ಟಿನ ರಜೆ: ಆದೇಶ ಬಂತು, ಕಾನೂನು ಎಲ್ಲಿ?

ಮುಟ್ಟಿನ ದಿನ ಸಂಬಳ ಸಹಿತ ರಜೆ ಕೊಡಲೇಬೇಕು ಎಂದು ಇಡೀ ದೇಶಕ್ಕೆ ಅನ್ವಯವಾಗುವ ಕಾನೂನು ನಮ್ಮಲ್ಲಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಹೆರಿಗೆಗೆ, ಗರ್ಭಪಾತಕ್ಕೆ, ಸಂತಾನಹರಣ ಶಸ್ತ್ರಚಿಕಿತ್ಸೆಗೆ ರಜೆ ಕೊಡಿಸಿತು. ತಿಂಗಳು ತಿಂಗಳೂ ಬರುವ ಹೊಟ್ಟೆನೋವಿನ ಮಾತು ಅದರಲ್ಲಿ ಬರಲೇ ಇಲ್ಲ.

ಬಿಹಾರ 1992ರಲ್ಲೇ ತನ್ನ ಮಹಿಳಾ ನೌಕರರಿಗೆ ತಿಂಗಳಿಗೆ ಎರಡು ದಿನ ವಿಶೇಷ ರಜೆ ಕೊಟ್ಟಿತು. ಆದರೆ ಅದು ಸರ್ಕಾರಿ ನೌಕರಿಗಷ್ಟೇ. 2017ರಲ್ಲಿ ಸಂಸದ ನಿನೊಂಗ್ ಎರಿಂಗ್ ಲೋಕಸಭೆಯಲ್ಲಿ ಖಾಸಗಿ ಮಸೂದೆ ತಂದರು, ಅದು ಕಾಯ್ದೆಯಾಗಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಇದು ಸರ್ಕಾರ ತೀರ್ಮಾನಿಸಬೇಕಾದ ವಿಷಯ, ರಜೆ ಕಡ್ಡಾಯ ಮಾಡಿದರೆ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿಯಬಹುದು ಎಂದು ಕೋರ್ಟ್ 2024ರ ಜುಲೈನಲ್ಲಿ ಹೇಳಿತು.

ಖಾಸಗಿ ಕೆಲಸದವರನ್ನೂ ಸೇರಿಸಿಕೊಂಡು ದೊಡ್ಡ ಹೆಜ್ಜೆ ಇಟ್ಟಿದ್ದು ಕರ್ನಾಟಕ. ಸರ್ಕಾರ ನೇಮಿಸಿದ್ದ ಸಮಿತಿ ವರ್ಷಕ್ಕೆ ಆರು ದಿನ ಸಾಕು ಎಂದಿತ್ತು. 2025ರ ಅಕ್ಟೋಬರ್ 9ರಂದು ಸಚಿವ ಸಂಪುಟ ಹನ್ನೆರಡು ದಿನಕ್ಕೆ ಒಪ್ಪಿತು. ನವೆಂಬರ್‌ನಲ್ಲಿ ಆದೇಶ ಬಂತು. 18ರಿಂದ 52 ವರ್ಷದವರಿಗೆ ತಿಂಗಳಿಗೆ ಒಂದು ದಿನ ರಜೆ. ವೈದ್ಯರ ಸರ್ಟಿಫಿಕೇಟ್ ಬೇಡ. ಈ ತಿಂಗಳು ತೆಗೆದುಕೊಳ್ಳದಿದ್ದರೆ ಮುಂದಿನ ತಿಂಗಳಿಗೆ ಸೇರುವುದಿಲ್ಲ. ಸರ್ಟಿಫಿಕೇಟ್ ಕೇಳದಿರುವುದು ತುಂಬಾ ಒಳ್ಳೆಯದು. ಒಂದು ದಿನದ ನೋವಿಗೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ ಅಲ್ವಾ?

ತೊಡಕು ಇರುವುದು ಆದೇಶದ ಬುನಾದಿಯಲ್ಲಿ. ಕಾರ್ಖಾನೆ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆ, ತೋಟ, ಬೀಡಿ, ಮೋಟಾರು ಸಾರಿಗೆ ಈ ಐದು ಕಾಯ್ದೆಗಳಡಿ ನೋಂದಣಿಯಾದ ಕಡೆ ಅದು ಅನ್ವಯಿಸುತ್ತದೆ. ಆದರೆ ಆ ಕಾಯ್ದೆಗಳಲ್ಲಿ ರಜೆಯ ಲೆಕ್ಕ ಮೊದಲೇ ಇತ್ತು. ಉದಾಹರಣೆಗೆ, ಕಾರ್ಖಾನೆ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ದುಡಿದವರಿಗೆ ಪ್ರತಿ ಇಪ್ಪತ್ತು ದಿನಕ್ಕೆ ಒಂದು ದಿನ ರಜೆ ಇತ್ತು. ಶಾಸನಸಭೆ ಬರೆದದ್ದಕ್ಕೆ ಸರ್ಕಾರ ಬರೀ ಆದೇಶದಿಂದ ಹೊಸ ಹೊಣೆ ಸೇರಿಸಬಹುದೇ? ಬೆಂಗಳೂರು ಹೋಟೆಲುಗಳ ಸಂಘ ಹೈಕೋರ್ಟಿನಲ್ಲಿ ಎತ್ತಿದ್ದು ಈ ಪ್ರಶ್ನೆಯನ್ನೇ. ಡಿಸೆಂಬರ್ 9ರಂದು ಆದೇಶಕ್ಕೆ ತಡೆ ಸಿಕ್ಕಿತು. ಅಡ್ವೊಕೇಟ್ ಜನರಲ್ ಮನವಿ ಮಾಡಿದ ಮೇಲೆ ಕೋರ್ಟ್ ಅದೇ ದಿನ ತಡೆ ಹಿಂಪಡೆದು, ವಿಚಾರಣೆ ಮುಂದುವರಿಸಿತು.

ಸಂಘದ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ರಜೆ ಕೊಡದ ಮಾಲೀಕರಿಗೆ ಆದೇಶವೊಂದೇ ಹೊಸ ಶಿಕ್ಷೆ ವಿಧಿಸಲಾರದು. ಅದಕ್ಕೆ ಶಾಸನಸಭೆ ಕಾಯ್ದೆ ಮಾಡಬೇಕು. ಇನ್ನೂ ಒಂದು ಕೊರತೆ ನನ್ನನ್ನು ಜಾಸ್ತಿ ಕಾಡುತ್ತದೆ. ಮನೆಗೆಲಸದವರು, ಹೊಲದಲ್ಲಿ ಕೂಲಿ ಮಾಡುವವರು ಆ ಐದು ಕಾಯ್ದೆಗಳ ಹೊರಗೇ ಇದ್ದಾರೆ. ಕಾಯ್ದೆ ಬರೆಯುವಾಗ ಅವರನ್ನೂ ಒಳಗೆ ತರುವ ದಾರಿ ಹುಡುಕಬೇಕು.