ರಿಜಿಸ್ಟರ್‌ನಲ್ಲಿ ಸಹಿ ಇದೆ, ಖಾತೆಯಲ್ಲಿ ಸಂಬಳ ಇಲ್ಲ

ಜೂನ್ 20ರ ಸಂಜೆ ಒಬ್ಬ ಹೆಣ್ಣುಮಗಳು ನನ್ನ ಆಫೀಸಿಗೆ ಬಂದರು. ನಿಜವಾದ ಹೆಸರು ಬೇಡ, ಸವಿತಾ ಅಂತ ಕರೆಯೋಣ. ಪೀಣ್ಯದಲ್ಲಿ ರಟ್ಟಿನ ಬಾಕ್ಸ್ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಬಿಲ್ಲಿಂಗ್ ಕೆಲಸ. ಅಲ್ಲಿ ಒಟ್ಟು 22 ಜನ. ಕುಳಿತವರೇ, "ಸರ್, ಕಂಪ್ಲೇಂಟ್ ಕೊಡೋಕೆ ಬಂದಿಲ್ಲ. ನಮ್ಮ ಓನರ್ ಒಳ್ಳೆಯವರೇ. ನಂಗೆ ಎಷ್ಟು ಬರಬೇಕು ಅಂತ ಗೊತ್ತಾದ್ರೆ ಸಾಕು" ಅಂದರು.

ಸಣ್ಣ ಕಂಪನಿಗಳ ಸಂಬಳದ ಲೆಕ್ಕ, ಪಿಎಫ್, ಇಎಸ್‌ಐ ನೋಡಿಕೊಳ್ಳುವುದು ನನ್ನ ಕೆಲಸ. ಫೀಸು ಕೊಡುವವರು ಓನರ್‌ಗಳೇ. ಆದರೂ ಅವರ ಕಡೆಯ ಕೆಲಸಗಾರರು ಹೀಗೆ ಕತ್ತಲಾದ ಮೇಲೆ ಬರುವುದುಂಟು. ಬಂದವರಲ್ಲಿ ಹೆಚ್ಚಿನವರು ಮೊದಲು ಹೇಳುವುದು ಇದೇ, ಓನರ್ ಒಳ್ಳೆಯವರು ಅಂತ. ಅದು ಸುಳ್ಳೂ ಅಲ್ಲ.

ಸವಿತಾ ಅವರ ಸಂಬಳ 24,000. ಪಿಎಫ್‌ಗೆ 1,800 ಹಿಡಿದು ಕೈಗೆ 22,200. ಡಿಸೆಂಬರ್ ಸಂಬಳ ಜನವರಿ 7ಕ್ಕೆ ಬಂತು. ಜನವರಿಯದು ಫೆಬ್ರವರಿ 12ಕ್ಕೆ. ಫೆಬ್ರವರಿಯದು ಮಾರ್ಚ್ 19ಕ್ಕೆ. ಮಾರ್ಚ್‌ದು ಏಪ್ರಿಲ್ 28ಕ್ಕೆ. ಪ್ರತಿ ಸಲ ಐದು, ಏಳು, ಒಂಬತ್ತು ದಿನ ಮುಂದಕ್ಕೆ. ಒಂದೊಂದೇ ತಿಂಗಳು ನೋಡಿದರೆ ದೊಡ್ಡ ವಿಷಯ ಅನ್ನಿಸುವುದಿಲ್ಲ. ಬಂತಲ್ಲ, ಸುಮ್ನೆ ಯಾಕೆ ಕೇಳೋದು ಅನ್ನಿಸುತ್ತದೆ. ಆದರೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ನೋಡಿ. ಏಪ್ರಿಲ್ ಕೊನೆಗೆ ಮಾರ್ಚ್ ಸಂಬಳ ಬಂದಿದೆ ಅಂದರೆ, ಒಬ್ಬೊಬ್ಬರದೂ ಹತ್ತಿರ ಹತ್ತಿರ ಒಂದು ತಿಂಗಳ ದುಡಿಮೆ ಕಂಪನಿಯಲ್ಲಿ ನಿಂತಿದೆ. 22 ಜನರ ಒಂದು ತಿಂಗಳ ಸಂಬಳ ಓನರ್‌ಗೆ ಬಡ್ಡಿಯಿಲ್ಲದ ಸಾಲ. ಬ್ಯಾಂಕ್ ಆಗಿದ್ದರೆ ಅಷ್ಟಕ್ಕೆ ಮನೆಪತ್ರ ಕೇಳುತ್ತಿತ್ತು.

ಮೇ ತಿಂಗಳಲ್ಲಿ ಆಟ ಬದಲಾಯಿತು. ಏಪ್ರಿಲ್ ಸಂಬಳ ಪೂರ್ತಿ ಬರಲಿಲ್ಲ. ಮೇ 30ಕ್ಕೆ 10,000 ಬಂತು, ಜೂನ್ 14ಕ್ಕೆ 8,000. ಮೇ ಸಂಬಳದ ಸುದ್ದಿಯೇ ಇಲ್ಲ. ಹಾಗಾದರೆ ಬಾಕಿ ಎಷ್ಟು? ಏಪ್ರಿಲ್‌ದು 4,200, ಮೇ ತಿಂಗಳದು 22,200. ಒಟ್ಟು 26,400. ಇಷ್ಟಕ್ಕೆ ನನ್ನ ಹತ್ತಿರ ಬರಬೇಕಾಗಿರಲಿಲ್ಲ. ಬಂದ ಕಾರಣ ಬೇರೆ ಇತ್ತು. ಅವರು ಫೋನ್ ತೆಗೆದು ಎರಡು ಫೋಟೋ ತೋರಿಸಿದರು.

ಒಂದು, ಕಂಪನಿಯ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನ ಸ್ಕ್ರೀನಿನದು. ಅದರಲ್ಲಿ ಆ 10,000 ಮತ್ತು 8,000 ಎರಡೂ "ಸ್ಟಾಫ್ ಅಡ್ವಾನ್ಸ್" ಲೆಡ್ಜರ್‌ನಲ್ಲಿ ಕೂತಿದ್ದವು. ಇನ್ನೊಂದು ಸಂಬಳದ ರಿಜಿಸ್ಟರ್. ಏಪ್ರಿಲ್ ಸಾಲಿನಲ್ಲಿ 22,200 ನಗದು ಪಾವತಿ ಅಂತ ಬರೆದಿದೆ, ಎದುರಿಗೆ ಇವರದೇ ಸಹಿ. "ಫೈಲ್ ಕಂಪ್ಲೀಟ್ ಮಾಡ್ಬೇಕು ಅಂತ ಎಲ್ಲರ ಹತ್ರನೂ ಮೊದಲೇ ಸೈನ್ ತಗೊಂಡ್ರು ಸರ್. ಆವಾಗ ಮೊತ್ತ, ನಗದು ಏನೂ ಬರೆದಿರಲಿಲ್ಲ."

ಈಗ ಕಾಗದ ಏನು ಹೇಳುತ್ತೆ ನೋಡಿ. ಏಪ್ರಿಲ್ ಸಂಬಳ ಪೂರ್ತಿ ಕೊಟ್ಟಾಗಿದೆ, ಸಹಿ ಇದೆ. ಅದರ ಮೇಲೆ 18,000 ಅಡ್ವಾನ್ಸ್ ಬೇರೆ ಕೊಟ್ಟಿದೆ, ಬ್ಯಾಂಕ್ ಎಂಟ್ರಿ ಇದೆ. ಮೇ ತಿಂಗಳ 22,200ರಲ್ಲಿ ಅಡ್ವಾನ್ಸ್ ಕಳೆದರೆ ಕೊಡಬೇಕಾದದ್ದು 4,200 ಮಾತ್ರ. ನಿಜವಾದ ಬಾಕಿ 26,400, ಕಾಗದದ ಬಾಕಿ 4,200. ಒಂದು ಇಡೀ ತಿಂಗಳ ಸಂಬಳ ಮಾಯ.

ಇದು ಯಾವಾಗಲೂ ಮೋಸದ ಉದ್ದೇಶದಿಂದಲೇ ಆಗುತ್ತೆ ಅಂತ ನಾನು ಹೇಳಲ್ಲ. ಅಕೌಂಟೆಂಟ್‌ಗೆ ಅರ್ಧ ಸಂಬಳವನ್ನು ಎಲ್ಲಿ ಹಾಕಬೇಕು ಅಂತ ಗೊತ್ತಿರಲ್ಲ, ಅಡ್ವಾನ್ಸ್‌ಗೆ ಹಾಕಿ ಕೈತೊಳೆದುಕೊಳ್ಳುತ್ತಾನೆ. ಆಡಿಟ್‌ಗೆ ರಿಜಿಸ್ಟರ್ ಬೇಕು, ಸಹಿ ಹಾಕಿಸುತ್ತಾನೆ. ಆದರೆ ಆರು ತಿಂಗಳು ಬಿಟ್ಟು ಕೆಲಸ ಬಿಡುವಾಗ ಯಾರಿಗೂ ನೆನಪಿರಲ್ಲ. ಆಗ ಮಾತಾಡುವುದು ರಿಜಿಸ್ಟರ್ ಒಂದೇ.

ಇನ್ನು ಭಯದ ವಿಷಯ. "ಕೇಳಿದ್ರೆ ಇರೋದೂ ಹೋಗುತ್ತೆ" ಅನ್ನುವುದು ಸವಿತಾ ಅವರ ಮಾತು. ಬಾಕಿ ಹೆಚ್ಚಿದಷ್ಟೂ ಬಾಯಿ ಕಟ್ಟುತ್ತದೆ. ಐದು ಸಾವಿರ ಬಾಕಿ ಇದ್ದಾಗ ಜಗಳ ಮಾಡಿ ಹೊರಡಬಹುದು, ಐವತ್ತು ಸಾವಿರ ಇದ್ದಾಗ ಅದಕ್ಕೋಸ್ಕರವೇ ಇನ್ನೆರಡು ತಿಂಗಳು ಕೂರುತ್ತಾರೆ. ನಾನು ಟೇಬಲ್ಲಿನ ಆ ಕಡೆಯಿಂದಲೂ ನೋಡಿದ್ದೇನೆ. ಶನಿವಾರ ಮಧ್ಯಾಹ್ನ ಖಾತೆಯಲ್ಲಿ ಎರಡು ಲಕ್ಷ ಇದೆ, ಕೊಡಬೇಕಾದದ್ದು ಐದು ಲಕ್ಷ. ಇಎಂಐ ತಾನೇ ಕಟ್ ಆಗುತ್ತದೆ. ಕರೆಂಟ್ ಬಿಲ್ ಕಟ್ಟದಿದ್ದರೆ ಫ್ಯೂಸ್ ಕಿತ್ತುಕೊಂಡು ಹೋಗುತ್ತಾರೆ. ಪೇಪರ್ ಸಪ್ಲೈ ಮಾಡುವವನು ಲೋಡ್ ನಿಲ್ಲಿಸುತ್ತಾನೆ. ಕಾಯುವವರು ಕೆಲಸಗಾರರು ಮಾತ್ರ. ಉಳಿದ ಚಿಲ್ಲರೆಯನ್ನು ಓನರ್ ಹಂಚುವಾಗ ಯಾರ ಹೆಸರು ಮೊದಲು ಬರುತ್ತೆ ಗೊತ್ತಾ? ವಾರದಲ್ಲಿ ಯಾರು ಬಂದು ಕೇಳಿದ್ದರೋ ಅವರದು. ಸುಮ್ಮನಿದ್ದವರಿಗೆ "ಅವ್ರಿಗೆ ಅಂಥ ಅರ್ಜೆಂಟ್ ಇಲ್ಲ ಬಿಡಿ" ಅನ್ನುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

"ಪಾರ್ಟಿ ಪೇಮೆಂಟ್ ಬಂದಿಲ್ಲ" ಅನ್ನುವ ಮಾತು ಎಷ್ಟೋ ಸಲ ನಿಜ. ದೊಡ್ಡ ಕಂಪನಿಗಳು ಬಾಕ್ಸ್ ತಗೊಂಡು 90 ದಿನ ಸತಾಯಿಸುತ್ತವೆ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆಯಲ್ಲಿದೆ, ತಡವಾದರೆ ಬಡ್ಡಿಯೂ ಇದೆ. ನಮ್ಮ ಓನರ್ ಅದನ್ನು ಕೇಳಲ್ಲ. ಕೇಳಿದರೆ ಮುಂದಿನ ಆರ್ಡರ್ ಹೋಗುತ್ತೆ ಅನ್ನುವ ಭಯ! ಆ ಕಷ್ಟ ಅರ್ಥವಾಗುತ್ತದೆ. ಆದರೆ ಸಂಬಳದ ಕಾನೂನಿನಲ್ಲಿ ಪಾರ್ಟಿ ಪೇಮೆಂಟ್ ಬಂದ ಮೇಲೆ ಕೊಡಿ ಅಂತ ಎಲ್ಲೂ ಬರೆದಿಲ್ಲ.

ಕಾನೂನು ಇಷ್ಟೇ. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಯಲ್ಲಿದೆ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಕೆಲಸ ಬಿಟ್ಟರೆ ಅಥವಾ ತೆಗೆದರೆ ಎರಡು ಕೆಲಸದ ದಿನದೊಳಗೆ. ಹಳೆಯ ಕಾಯ್ದೆಯಲ್ಲಿ ತಿಂಗಳಿಗೆ 24,000ದವರೆಗೆ ಸಂಬಳ ಇರುವವರಿಗೆ ಮಾತ್ರ ಅನ್ನುವ ಮಿತಿ ಇತ್ತು, ಅದು ಈಗಿಲ್ಲ. ಬಾಕಿ ಕೇಳಿ ಅರ್ಜಿ ಹಾಕಲು ಮೂರು ವರ್ಷ ಸಮಯವಿದೆ, ಮೊದಲು ಒಂದೇ ವರ್ಷ ಇತ್ತು. ಹತ್ತು ಜನ ಸೇರಿ ಒಂದೇ ಅರ್ಜಿಯನ್ನೂ ಹಾಕಬಹುದು. ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಅರ್ಜಿ ವಿಚಾರಿಸುವ ಅಧಿಕಾರಿಗಿದೆ. ಅಷ್ಟೂ ಸಿಗುತ್ತೆ ಅಂತ ಮನಸ್ಸಿನಲ್ಲಿ ಲೆಕ್ಕ ಹಾಕಬೇಡಿ, ಅದು ಮೇಲಿನ ಮಿತಿ ಮಾತ್ರ. ಸಂಬಳ ಕೊಟ್ಟಿದ್ದೇನೆ ಅಂತ ತೋರಿಸುವ ಹೊಣೆ ಓನರ್‌ದು. ಅದಕ್ಕೇ ಆ ರಿಜಿಸ್ಟರ್ ಸಹಿಗೆ ಇಷ್ಟು ಬೆಲೆ.

ಆದರೆ ಸವಿತಾ ಅವರಿಗೆ ನಾನು ಮೊದಲು ಹೇಳಿದ್ದು ಅರ್ಜಿಯಲ್ಲ. ಒಂದು ವಾಟ್ಸಾಪ್ ಮೆಸೇಜ್. ಇಬ್ಬರೂ ಕೂತು ಬರೆದೆವು:

"ನಮಸ್ಕಾರ ಸರ್. ಏಪ್ರಿಲ್ ಸಂಬಳ 22,200ರಲ್ಲಿ ಮೇ 30ಕ್ಕೆ 10,000, ಜೂನ್ 14ಕ್ಕೆ 8,000 ಬಂದಿದೆ. ಇನ್ನು 4,200 ಬಾಕಿ. ಮೇ ಸಂಬಳ 22,200 ಬರಬೇಕು. ಒಟ್ಟು 26,400. ಬಂದಿರುವ 18,000 ಏಪ್ರಿಲ್ ಸಂಬಳದ್ದೇ, ಅಡ್ವಾನ್ಸ್ ಅಲ್ಲ. ಲೆಕ್ಕದಲ್ಲಿ ಸರಿ ಮಾಡಿಸಿ ಸರ್. ಬಾಕಿ ಯಾವ ದಿನ ಹಾಕುತ್ತೀರಿ ಅಂತ ತಿಳಿಸಿದರೆ ಮನೆ ಓನರ್‌ಗೆ ಹೇಳಲು ಅನುಕೂಲ."

ಇದರಲ್ಲಿ ಬೈಗುಳ ಇಲ್ಲ, ಕಾನೂನಿನ ಹೆಸರಿಲ್ಲ. ತಿಂಗಳು, ಮೊತ್ತ, ತಾರೀಕು ಇದೆ. ಕೊನೆಗೆ ಓನರ್ ಉತ್ತರ ಕೊಡಬಹುದಾದ ಒಂದು ಪ್ರಶ್ನೆ ಇದೆ. "ಆಯ್ತಮ್ಮ, ಶನಿವಾರ ನೋಡೋಣ" ಅಂತ ಬರೆದರೂ ಬಾಕಿ ಒಪ್ಪಿಕೊಂಡ ಹಾಗೆ. ಏನೂ ಉತ್ತರ ಬರದಿದ್ದರೂ ನಾವು ಅಂದೇ ತಕರಾರು ಹೇಳಿದ್ದೆವು ಅನ್ನುವುದು ಉಳಿಯುತ್ತದೆ. ಬಾಯಲ್ಲಿ ಕೇಳಿದ್ದು ಹೀಗೆ ಉಳಿಯಲ್ಲ. ಒಬ್ಬರೇ ಕಳಿಸಿದರೆ ಅವರೇ ಕಣ್ಣಿಗೆ ಬೀಳುತ್ತಾರೆ. ಅದಕ್ಕೆ ಅವರ ಜೊತೆಯ ಇನ್ನೂ ಮೂವರು ಅದೇ ದಿನ, ತಮ್ಮ ತಮ್ಮ ಲೆಕ್ಕ ಹಾಕಿ ಕಳಿಸಿದರು. ಗ್ರೂಪ್‌ನಲ್ಲಿ ಹಾಕಬೇಡಿ ಅಂದಿದ್ದೆ. ಹತ್ತು ಜನರೆದುರು ಕೇಳಿದರೆ ಓನರ್‌ಗೆ ಅದು ದುಡ್ಡಿನ ವಿಷಯವಾಗಿ ಉಳಿಯಲ್ಲ, ಮಾನದ ವಿಷಯವಾಗುತ್ತದೆ.

ಇನ್ನೊಂದನ್ನೂ ನೋಡಿಸಿದೆ. ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆಗೆದರೆ ಕೊನೆಯ ಎಂಟ್ರಿ ಫೆಬ್ರವರಿ ತಿಂಗಳದು. ಮಾರ್ಚ್ ಸಂಬಳದಿಂದ 1,800 ಹಿಡಿದಿದ್ದರು, ಏಪ್ರಿಲ್ 15ರೊಳಗೆ ಕಟ್ಟಬೇಕಿತ್ತು. ಕಟ್ಟಿರಲಿಲ್ಲ. ನಾನು ಕಂಪನಿಯ ಆರೋಗ್ಯ ನೋಡುವುದು ಇಲ್ಲಿಂದಲೇ. ಸಂಬಳ ತಡವಾಗಿ ಪಿಎಫ್ ಸರಿಯಾಗಿ ಹೋಗುತ್ತಿದ್ದರೆ ಅದು ಹೆಚ್ಚಾಗಿ ಪೇಮೆಂಟ್ ಸಿಕ್ಕಿಕೊಂಡ ತೊಂದರೆ. ಹಿಡಿದ ಪಿಎಫ್ ಕೂಡ ನಿಂತಿದೆ ಅಂದರೆ ತೂತು ದೊಡ್ಡದಿದೆ, ಬೇರೆ ಕೆಲಸ ಹುಡುಕಲು ಶುರು ಮಾಡುವ ಹೊತ್ತು. ಹಿಡಿದು ಕಟ್ಟದೇ ಇರುವುದು ಅಪರಾಧವೂ ಹೌದು. ಪಿಎಫ್ ಇಲಾಖೆಯ EPFiGMS ಪೋರ್ಟಲ್‌ನಲ್ಲಿ ದೂರು ಹಾಕಬಹುದು, ಆದರೆ ಅಲ್ಲಿ ನಿಮ್ಮ ಯುಎಎನ್, ಅಂದರೆ ನಿಮ್ಮ ಪಿಎಫ್ ನಂಬರ್, ಕೊಡಬೇಕಾಗುತ್ತದೆ. ಹೆಸರು ಗುಟ್ಟಾಗಿ ಉಳಿಯುತ್ತೆ ಅಂತ ನಂಬಿಕೊಂಡು ಹಾಕಬೇಡಿ.

ಮೆಸೇಜ್‌ನಿಂದ ಏನೂ ಆಗದಿದ್ದರೆ ಮುಂದಿನದು ಕಾರ್ಮಿಕ ಇಲಾಖೆ. ಬೆಂಗಳೂರಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿದರೆ ನಿಮ್ಮ ಏರಿಯಾ ಯಾರ ಕೆಳಗೆ ಬರುತ್ತೆ ಅಂತ ಹೇಳುತ್ತಾರೆ. ಊರುಗಳಲ್ಲಿ ಕಾರ್ಮಿಕ ನಿರೀಕ್ಷಕರ ಕಚೇರಿ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್, ಆ ಮೆಸೇಜುಗಳ ಪ್ರಿಂಟ್ ತಗೊಂಡು ಹೋಗಿ. ಅಪಾಯಿಂಟ್‌ಮೆಂಟ್ ಲೆಟರ್ ಇಲ್ಲ ಅಂತ ಹಿಂಜರಿಯಬೇಡಿ, ಸಣ್ಣ ಕಂಪನಿಗಳಲ್ಲಿ ಅರ್ಧ ಜನರ ಹತ್ತಿರ ಇರಲ್ಲ. ತಿಂಗಳು ತಿಂಗಳು ಒಂದೇ ಖಾತೆಯಿಂದ ಬಂದ ದುಡ್ಡೇ ದೊಡ್ಡ ಸಾಕ್ಷಿ. ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಅಂತ ಸಂಹಿತೆ ಹೇಳುತ್ತದೆ. ಪ್ರಯತ್ನಿಸಬೇಕು ಅಂತ ಅಷ್ಟೇ. ಇನ್ನು ಓನರ್ ಬಾಗಿಲು ಹಾಕಿಕೊಂಡು ಹೋದರೆ, ಆದೇಶ ಕೈಯಲ್ಲಿದ್ದರೂ ಭೂಕಂದಾಯದ ಬಾಕಿ ಥರ ವಸೂಲಿ ಆಗುವವರೆಗೆ ಅಲೆದಾಟ ತಪ್ಪಿದ್ದಲ್ಲ.

ಸವಿತಾ ಅವರ ವಿಷಯ ಅಲ್ಲಿಯವರೆಗೆ ಹೋಗಲಿಲ್ಲ. ಮೆಸೇಜ್ ಹೋದ ಮರುದಿನ ಓನರ್ ನಾಲ್ವರನ್ನೂ ಕ್ಯಾಬಿನ್‌ಗೆ ಕರೆದು, "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಕೂಗಾಡಿದರಂತೆ. ಸಂಜೆ ಹೊತ್ತಿಗೆ ಉತ್ತರ ಬಂತು: ಶನಿವಾರ 15,000, ಉಳಿದದ್ದು ಮುಂದಿನ ತಿಂಗಳು 10ಕ್ಕೆ. ಶನಿವಾರದ 15,000 ಬಂತು. ಉಳಿದ 11,400 ಹತ್ತಕ್ಕೆ ಬರಲಿಲ್ಲ, 14ಕ್ಕೆ ಬಂತು. ಟ್ಯಾಲಿಯ ಎಂಟ್ರಿ ಸರಿಯಾಗಿದೆ. ನಾಲ್ವರಲ್ಲಿ ಒಬ್ಬರು ಬೇರೆ ಕಡೆ ಸೇರಿಕೊಂಡರು. ಜೂನ್ ಸಂಬಳ ಈ ಸಲವೂ 7ಕ್ಕೆ ಬರಲಿಲ್ಲ, 18ಕ್ಕೆ ಬಂತು.

ಆ ತಿಂಗಳ ರಿಜಿಸ್ಟರ್ ಮುಂದೆ ಬಂದಾಗ ಸವಿತಾ ಸಹಿ ಹಾಕಿದ್ದಾರೆ. ಸಹಿಯ ಪಕ್ಕ ತಮ್ಮ ಕೈಯಲ್ಲೇ "22,200, ಬ್ಯಾಂಕ್ ಮೂಲಕ, 18ಕ್ಕೆ ಬಂದಿದೆ" ಅಂತ ಬರೆದಿದ್ದಾರೆ. ಅಕೌಂಟೆಂಟ್ ಮುಖ ಸಿಂಡರಿಸಿದನಂತೆ. ಕೆಳಗಿನ ಸಾಲಿನವರು ಅದನ್ನು ನೋಡಿ ತಾವೂ ಹಾಗೇ ಬರೆದರಂತೆ.