ಬಳೆ ಎಲ್ಲಿ, ಯಾವಾಗ ತುಂಡಾಗುತ್ತದೆ? ಮೈಟೋಸಿಸ್, ಮಿಯೋಸಿಸ್ ಓದಲು ಒಂದು ದಾರಿ

ಮೊದಲ ವರ್ಷದ ಸೆಲ್ ಬಯಾಲಜಿ ಪರೀಕ್ಷೆಗೆ ಮೈಟೋಸಿಸ್, ಮಿಯೋಸಿಸ್ ಓದುವವರು ಸಾಮಾನ್ಯವಾಗಿ ಎರಡು ಕಾಲಂನ ಟೇಬಲ್ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಈ ಕಡೆ ಎರಡು ಕೋಶ, ಆ ಕಡೆ ನಾಲ್ಕು. ಈ ಕಡೆ ಕ್ರಾಸಿಂಗ್ ಓವರ್ ಇಲ್ಲ, ಆ ಕಡೆ ಇದೆ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಅನಾಫೇಸ್ ಒಂದರಲ್ಲಿ ಎಷ್ಟು ಕ್ರೊಮ್ಯಾಟಿಡ್ ಇರುತ್ತವೆ ಅಂತಲೋ, ಈ ಮಗುವಿನಲ್ಲಿ ಒಂದು ಕ್ರೋಮೋಸೋಮ್ ಜಾಸ್ತಿ ಇದೆ, ತಪ್ಪು ಯಾವ ವಿಭಜನೆಯಲ್ಲಿ ಆಗಿದೆ ಅಂತಲೋ ಕೇಳಿದರೆ ಟೇಬಲ್ ಕೈಕೊಡುತ್ತದೆ.

ಅದಕ್ಕೆ ಬೇರೆ ದಾರಿ ಹಿಡಿಯಿರಿ. ಕೊಹೆಸಿನ್ ಅನ್ನೋ ಒಂದೇ ಪ್ರೋಟೀನಿನ ಬೆನ್ನು ಹತ್ತಿ. ಡಿಎನ್‌ಎ ನಕಲಾದ ಮೇಲೆ ಒಂದು ಕ್ರೋಮೋಸೋಮಿನಲ್ಲಿ ಎರಡು ಕ್ರೊಮ್ಯಾಟಿಡ್ ಇರುತ್ತವೆ, ಅವೆರಡನ್ನೂ ಸುತ್ತಿ ಹಿಡಿದಿರುವುದು ಕೊಹೆಸಿನ್. ಅದರ ಆಕಾರ ನಿಜಕ್ಕೂ ಬಳೆಯಂತೆ ದುಂಡಗಿದೆ. ಈ ಬಳೆ ತುಂಡಾಗದೆ ಕ್ರೊಮ್ಯಾಟಿಡ್‌ಗಳು ಬೇರೆಯಾಗುವುದಿಲ್ಲ. ಮೈಟೋಸಿಸ್‌ನಲ್ಲಿ ಮೆಟಾಫೇಸ್ ತನಕ ಉಳಿದ ಬಳೆಗಳೆಲ್ಲ ಒಂದೇ ಸಲಕ್ಕೆ ತುಂಡಾಗುತ್ತವೆ. ಮಿಯೋಸಿಸ್‌ನಲ್ಲಿ ಎರಡು ಕಂತಿನಲ್ಲಿ: ಮೊದಲ ವಿಭಜನೆಯಲ್ಲಿ ತೋಳುಗಳ ಮೇಲಿನವು, ಎರಡನೆಯದರಲ್ಲಿ ಸೆಂಟ್ರೋಮಿಯರ್ ಹತ್ತಿರದವು. ಮೈಟೋಸಿಸ್, ಮಿಯೋಸಿಸ್ ನಡುವಿನ ಮುಖ್ಯ ವ್ಯತ್ಯಾಸಗಳು ಇದರಿಂದಲೇ ಹೊರಡುತ್ತವೆ.

ಮೊದಲು ಎಣಿಕೆ ಸರಿಮಾಡಿಕೊಳ್ಳೋಣ. ಹೆಚ್ಚಿನ ಅಂಕ ಹೋಗುವುದೇ ಅಲ್ಲಿ. ಪ್ರಾಕ್ಟಿಕಲ್‌ನಲ್ಲಿ ಎಲ್ಲರೂ ಈರುಳ್ಳಿ ಬೇರಿನ ತುದಿಗೆ ಅಸಿಟೋಕಾರ್ಮಿನ್ ಹಾಕಿ ಸ್ಲೈಡ್ ಮಾಡಿರುತ್ತೀರಿ, ಅದನ್ನೇ ತೆಗೆದುಕೊಳ್ಳಿ. ಈರುಳ್ಳಿಯ ಬೇರಿನ ಕೋಶದಲ್ಲಿ 16 ಕ್ರೋಮೋಸೋಮ್. ಜಿ1 ಹಂತದಲ್ಲಿ 16 ಕ್ರೋಮೋಸೋಮ್, 16 ಡಿಎನ್‌ಎ ಎಳೆ; ಇಲ್ಲಿ ಎಳೆ ಅಂದರೆ ಒಂದು ಇಡೀ ಜೋಡಿ ಸುರುಳಿ. ಎಸ್ ಹಂತ ಮುಗಿದ ಮೇಲೆ ಎಳೆಗಳು 32 ಆಗುತ್ತವೆ, ಆದರೆ ಕ್ರೋಮೋಸೋಮ್ ಇನ್ನೂ 16ಯೇ. ಎಣಿಸುವ ನಿಯಮ ಸುಲಭ: ಸೆಂಟ್ರೋಮಿಯರ್ ಎಷ್ಟಿವೆಯೋ ಕ್ರೋಮೋಸೋಮ್ ಅಷ್ಟು, ಮತ್ತು ಅಂಟಿಕೊಂಡಿರುವ ಜೋಡಿ ಸೆಂಟ್ರೋಮಿಯರ್ ಅಂದರೆ ಒಂದೇ ಲೆಕ್ಕ. ಅನಾಫೇಸ್‌ನಲ್ಲಿ ಬಳೆ ತುಂಡಾದ ಕ್ಷಣ ಅದೇ ಕೋಶದಲ್ಲಿ 32 ಕ್ರೋಮೋಸೋಮ್ ಆಗಿಬಿಡುತ್ತವೆ, ಒಂದೊಂದು ಧ್ರುವಕ್ಕೆ 16 ಹೋಗುತ್ತವೆ.

ಈಗ ಅದೇ ಗಿಡದ ಹೂಮೊಗ್ಗಿನ ಒಳಗಿನ ಪರಾಗಕೋಶಕ್ಕೆ ಬನ್ನಿ. ಅಲ್ಲಿ ಮಿಯೋಸಿಸ್ ನಡೆಯುತ್ತದೆ. ಶುರುವಾಗುವುದು ಅದೇ 16 ಕ್ರೋಮೋಸೋಮ್, 32 ಎಳೆಯಿಂದ. ಆದರೆ ಮೆಟಾಫೇಸ್ ಒಂದರಲ್ಲಿ ಕಾಣುವುದು 8 ಜೋಡಿ, ಅಂದರೆ 8 ಬೈವೇಲೆಂಟ್. ಅನಾಫೇಸ್ ಒಂದರಲ್ಲಿ ಸೆಂಟ್ರೋಮಿಯರ್ ಬಳಿಯ ಬಳೆ ಗಟ್ಟಿಯಾಗಿಯೇ ಇರುವುದರಿಂದ ಕೋಶದಲ್ಲಿ ಒಟ್ಟು 16 ಕ್ರೋಮೋಸೋಮ್, 32 ಕ್ರೊಮ್ಯಾಟಿಡ್. ಒಂದೊಂದು ಧ್ರುವಕ್ಕೆ 8 ಕ್ರೋಮೋಸೋಮ್, ಪ್ರತಿಯೊಂದರಲ್ಲೂ ಎರಡೆರಡು ಕ್ರೊಮ್ಯಾಟಿಡ್. ಸಂಖ್ಯೆ ಅರ್ಧವಾಗುವುದು ಇಲ್ಲೇ, ಎರಡನೇ ವಿಭಜನೆಯಲ್ಲಲ್ಲ. ನಡುವೆ ಡಿಎನ್‌ಎ ಮತ್ತೆ ನಕಲಾಗುವುದಿಲ್ಲ. ಎರಡನೇ ವಿಭಜನೆಯಲ್ಲಿ ಉಳಿದ ಬಳೆಯೂ ಹೋಗುತ್ತದೆ, ಪ್ರತಿ ಕೋಶಕ್ಕೆ 8 ಕ್ರೋಮೋಸೋಮ್, 8 ಎಳೆ. ಎರಡನೇ ವಿಭಜನೆ ಮೈಟೋಸಿಸ್ ಥರ ಅಂತ ಪುಸ್ತಕಗಳು ಹೇಳುವುದು ಚಲನೆಯ ಮಟ್ಟಿಗೆ ನಿಜ. ಆದರೆ ಕ್ರಾಸಿಂಗ್ ಓವರ್ ಆಗಿರುವುದರಿಂದ ಇಲ್ಲಿ ಬೇರೆಯಾಗುವ ಎರಡು ಕ್ರೊಮ್ಯಾಟಿಡ್‌ಗಳು ಪೂರ್ತಿ ಒಂದೇ ಥರ ಇರಬೇಕಿಲ್ಲ. ಇದನ್ನೂ ಒಂದು ಸಾಲು ಬರೆಯಿರಿ.

ಬೈವೇಲೆಂಟ್ ಅನ್ನು ಹಿಡಿದಿಡುವುದು ಯಾವುದು ಅಂತ ಕೇಳಿದರೆ ಕಯಾಸ್ಮಾ ಅಂತ ಬರೆದು ಸುಮ್ಮನಾಗುತ್ತಾರೆ. ಅದು ಅರ್ಧ ಉತ್ತರ. ತಂದೆಯಿಂದ ಬಂದ ಕ್ರೋಮೋಸೋಮ್ ಮತ್ತು ತಾಯಿಯಿಂದ ಬಂದ ಕ್ರೋಮೋಸೋಮ್ ಒಂದು ಜಾಗದಲ್ಲಿ ತುಂಡು ಬದಲಿಸಿಕೊಂಡಿವೆ, ಸರಿ. ಆ ಜಾಗದಿಂದ ಆಚೆ, ತೋಳಿನ ತುದಿಯ ಕಡೆಗೆ, ಕ್ರೊಮ್ಯಾಟಿಡ್‌ಗಳನ್ನು ಕೊಹೆಸಿನ್ ಹಿಡಿದಿರುವುದರಿಂದಲೇ ಆ ಗಂಟು ಜಾರಿ ಬಿಚ್ಚಿಕೊಳ್ಳುವುದಿಲ್ಲ. ತೋಳಿನ ಬಳೆ ತುಂಡಾದ ಕೂಡಲೇ ಜೋಡಿ ಬಿಡುತ್ತದೆ. ಸೆಂಟ್ರೋಮಿಯರ್ ಬಳಿಯ ಬಳೆಯನ್ನು ಆಗ ಕಾಯುವುದು ಶುಗೋಶಿನ್ ಅನ್ನೋ ಪ್ರೋಟೀನ್. ಇದರ ಜೊತೆಗೆ ಮೊದಲ ವಿಭಜನೆಯಲ್ಲಿ ಒಂದು ಕ್ರೋಮೋಸೋಮಿನ ಎರಡೂ ಕೈನೆಟೋಕೋರ್‌ಗಳು, ಅಂದರೆ ಸೆಂಟ್ರೋಮಿಯರ್ ಮೇಲೆ ಸ್ಪಿಂಡಲ್ ಎಳೆ ಬಂದು ಹಿಡಿಯುವ ಜಾಗಗಳು, ಒಂದೇ ಧ್ರುವದ ಕಡೆ ಮುಖ ಮಾಡುತ್ತವೆ. ಮೈಟೋಸಿಸ್‌ನಲ್ಲಾದರೆ ಎದುರು ಬದುರು.

ಇನ್ನು ಚೆಕ್‌ಪಾಯಿಂಟ್, ಅಂದರೆ ಎಲ್ಲ ಸರಿಯಾಗುವ ತನಕ ಕೋಶವನ್ನು ಮುಂದೆ ಬಿಡದ ಕಾವಲು. ಜಿ1 ಕೊನೆಯಲ್ಲಿ ಒಂದು: ಡಿಎನ್‌ಎಗೆ ಪೆಟ್ಟು ಬಿದ್ದಿದ್ದರೆ ಪಿ53 ಎದ್ದು ಪಿ21 ತಯಾರಾಗುವಂತೆ ಮಾಡುತ್ತದೆ, ಪಿ21 ಹೋಗಿ ಕೋಶವನ್ನು ಮುಂದಿನ ಹಂತಕ್ಕೆ ತಳ್ಳುವ ಸೈಕ್ಲಿನ್ ಸಿಡಿಕೆ ಜೋಡಿಯನ್ನು ತಡೆಯುತ್ತದೆ, ಕೋಶ ಎಸ್ ಹಂತಕ್ಕೆ ಕಾಲಿಡುವುದಿಲ್ಲ. ಜಿ2 ಕೊನೆಯಲ್ಲಿ ಇನ್ನೊಂದು: ನಕಲು ಮುಗಿದಿಲ್ಲ ಅಥವಾ ಎಳೆ ಮುರಿದಿದೆ ಅಂದರೆ ಸಿಡಿಕೆ1 ಅನ್ನು ಎಬ್ಬಿಸುವ ಸಿಡಿಸಿ25 ಕೆಲಸ ನಿಲ್ಲುತ್ತದೆ, ಸಿಡಿಕೆ1 ಎಚ್ಚರವಾಗುವುದಿಲ್ಲ, ವಿಭಜನೆ ಶುರುವಾಗುವುದಿಲ್ಲ. ಮಿಯೋಸಿಸ್‌ನಲ್ಲಿ ಒಂದು ವಿಶೇಷ ಇದೆ. ಅಲ್ಲಿ ಎಸ್‌ಪಿಒ11 ಅನ್ನೋ ಪ್ರೋಟೀನ್ ಬೇಕಂತಲೇ ಡಿಎನ್‌ಎ ಜೋಡಿ ಸುರುಳಿಯ ಎರಡೂ ಬದಿ ಕತ್ತರಿಸುತ್ತದೆ, ಯಾಕಂದರೆ ಕ್ರಾಸಿಂಗ್ ಓವರ್ ಶುರುವಾಗುವುದೇ ಆ ಕಡಿತದಿಂದ. ಆದ್ದರಿಂದ ಪ್ರೊಫೇಸ್ ಒಂದರ ಒಳಗೇ ಒಂದು ಕಾವಲಿದೆ, ಪ್ಯಾಕಿಟೀನ್ ಚೆಕ್‌ಪಾಯಿಂಟ್ ಅಂತ. ಕಡಿತಗಳೆಲ್ಲ ರಿಪೇರಿಯಾಗಿ, ಜೋಡಿಗಳು ಸರಿಯಾಗಿ ಕೂಡಿಕೊಳ್ಳುವ ತನಕ ಅದು ಕೋಶವನ್ನು ತಡೆಯುತ್ತದೆ.

ಜಾಸ್ತಿ ಹೊತ್ತು ಕೊಡಬೇಕಾದದ್ದು ಮೂರನೆಯದಕ್ಕೆ, ಸ್ಪಿಂಡಲ್ ಚೆಕ್‌ಪಾಯಿಂಟ್‌ಗೆ. ಬಳೆ ಕತ್ತರಿಸುವುದು ಸೆಪರೇಸ್ ಅನ್ನೋ ಕಿಣ್ವ. ಸಾಮಾನ್ಯ ಹೊತ್ತಿನಲ್ಲಿ ಸೆಕ್ಯುರಿನ್ ಅದನ್ನು ಕಟ್ಟಿಹಾಕಿರುತ್ತದೆ. ಸೆಕ್ಯುರಿನ್ ನಾಶವಾಗಬೇಕಾದರೆ ಎಪಿಸಿ ಅನ್ನೋ ಪ್ರೋಟೀನ್ ಗುಂಪು ಸಿಡಿಸಿ20 ಜೊತೆ ಸೇರಿ ಕೆಲಸ ಮಾಡಬೇಕು. ಸ್ಪಿಂಡಲ್ ಎಳೆ ಹಿಡಿಯದ ಕೈನೆಟೋಕೋರ್ ಒಂದೇ ಒಂದು ಉಳಿದಿದ್ದರೂ ಅಲ್ಲಿ ಮ್ಯಾಡ್2 ಮುಂತಾದ ಪ್ರೋಟೀನ್‌ಗಳು ಸೇರಿ ಸಿಡಿಸಿ20ಯನ್ನು ಹಿಡಿದು ಕೂರುತ್ತವೆ. ಎಪಿಸಿ ನಡೆಯುವುದಿಲ್ಲ, ಸೆಕ್ಯುರಿನ್ ಉಳಿಯುತ್ತದೆ, ಸೆಪರೇಸ್ ಕಟ್ಟಿನಲ್ಲೇ ಇರುತ್ತದೆ, ಬಳೆ ಭದ್ರ. ಈ ಸರಣಿಯನ್ನು ಬಾಣದ ಗುರುತು ಹಾಕಿ ಒಮ್ಮೆ ಬರೆದುಬಿಟ್ಟರೆ ಮರೆಯುವುದಿಲ್ಲ.

ತಡೆ ಬರುವುದು ಆ ಖಾಲಿ ಕೈನೆಟೋಕೋರ್‌ನಿಂದಲೇ ಅಂತ ಹೇಗೆ ಗೊತ್ತಾಯಿತು? 1995ರಲ್ಲಿ ಕಾನ್ಲಿ ರೀಡರ್ ತಂಡ ಪಿಟಿಕೆ1 ಅನ್ನೋ ಕೋಶಗಳಲ್ಲಿ ಇದನ್ನು ನೋಡಿತು. ಈ ಕೋಶಗಳು ದೊಡ್ಡವು, ಚಪ್ಪಟೆ, ಕ್ರೋಮೋಸೋಮ್ ಕಡಿಮೆ, ಹಾಗಾಗಿ ಒಂದೊಂದನ್ನೂ ಕಣ್ಣಿಟ್ಟು ಹಿಂಬಾಲಿಸಬಹುದು. ಕೊನೆಗೆ ಉಳಿದಿದ್ದ ಒಂದೇ ಒಂದು ಖಾಲಿ ಕೈನೆಟೋಕೋರನ್ನು ಅವರು ಲೇಸರ್‌ನಿಂದ ಸುಟ್ಟುಹಾಕಿದರು. ಆ ಕ್ರೋಮೋಸೋಮ್ ಇನ್ನೂ ಸರಿಯಾಗಿ ಕೂತಿರಲಿಲ್ಲ, ಆದರೂ ಕೋಶ ಕಾಯುವುದನ್ನು ಬಿಟ್ಟು ಅನಾಫೇಸ್‌ಗೆ ಹೋಗಿಬಿಟ್ಟಿತು. ಅಂದರೆ ಕೋಶ 'ಎಲ್ಲ ಸರಿಯಾಗಿದೆ' ಅನ್ನೋ ಸುದ್ದಿಗೆ ಕಾಯುತ್ತಿಲ್ಲ, 'ಇನ್ನೂ ಬೇಡ' ಅನ್ನೋ ಕೂಗು ನಿಲ್ಲುವುದಕ್ಕೆ ಕಾಯುತ್ತಿದೆ.

ಅದೇ ವರ್ಷ ಲಿ ಮತ್ತು ನಿಕ್ಲಾಸ್ ಮಿಯೋಸಿಸ್‌ನಲ್ಲಿ ಮಾಡಿದ ಪ್ರಯೋಗ ನನಗೆ ಇನ್ನೂ ಇಷ್ಟ. ಮ್ಯಾಂಟಿಸ್ ಕೀಟದ ವೀರ್ಯ ತಯಾರಿಸುವ ಕೋಶಗಳಲ್ಲಿ ಆಗಾಗ ಒಂದು ಎಕ್ಸ್ ಕ್ರೋಮೋಸೋಮ್ ಜೋಡಿ ತಪ್ಪಿ ಒಂದೇ ಧ್ರುವಕ್ಕೆ ಅಂಟಿಕೊಂಡಿರುತ್ತದೆ, ಆಗ ಕೋಶ ಗಂಟೆಗಟ್ಟಲೆ ಮುಂದೆ ಹೋಗುವುದಿಲ್ಲ. ಇವರು ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಿಂದ ಆ ಎಕ್ಸ್ ಅನ್ನು ಧ್ರುವದಿಂದ ದೂರಕ್ಕೆ ಎಳೆದು ಹಿಡಿದರು. ಬಿಗುಪು ಬಂತು, ಕೋಶ ಅನಾಫೇಸ್‌ಗೆ ಹೊರಟಿತು. ಕಾವಲು ಗಮನಿಸುವುದು ಹಿಡಿತ ಮತ್ತು ಬಿಗುಪನ್ನು, ಜೋಡಿ ಸರಿಯಾಗಿದೆಯೋ ಇಲ್ಲವೋ ಅನ್ನೋದನ್ನಲ್ಲ.

ಚೆಕ್‌ಪಾಯಿಂಟ್‌ನ ಮಿತಿಯೂ ಇಲ್ಲಿಂದಲೇ ಅರ್ಥವಾಗುತ್ತದೆ. ಒಂದೇ ಕೈನೆಟೋಕೋರ್‌ಗೆ ಎರಡೂ ಧ್ರುವದ ಎಳೆಗಳು ಅಂಟಿಕೊಂಡರೆ ಹಿಡಿತವೂ ಇದೆ, ಬಿಗುಪೂ ಇದೆ. ಕೂಗು ನಿಲ್ಲುತ್ತದೆ, ತಪ್ಪು ಹಾಗೇ ದಾಟಿಹೋಗುತ್ತದೆ. ಮನುಷ್ಯರ ಅಂಡಾಣುವಿನಲ್ಲಂತೂ ಈ ಕಾವಲು ಇನ್ನೂ ಸಡಿಲ, ಒಂದೆರಡು ಕ್ರೋಮೋಸೋಮ್ ಸರಿಯಾಗಿ ಕೂರದಿದ್ದರೂ ಮುಂದೆ ಹೋಗುವುದುಂಟು. ಜೊತೆಗೆ ಸಮಯದ ಸಮಸ್ಯೆ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅವಳ ಅಂಡಾಣುಗಳು ಮಿಯೋಸಿಸ್ ಶುರುಮಾಡಿ ಪ್ರೊಫೇಸ್ ಒಂದರಲ್ಲಿ ನಿಂತುಬಿಡುತ್ತವೆ. ಮೊದಲ ವಿಭಜನೆ ಮುಗಿಯುವುದು ಅಂಡ ಬಿಡುಗಡೆಯ ಹೊತ್ತಿಗೆ, ಅದು 15 ವರ್ಷಕ್ಕೋ 40 ವರ್ಷಕ್ಕೋ. ಆಮೇಲೆ ಮೆಟಾಫೇಸ್ ಎರಡರಲ್ಲಿ ಮತ್ತೆ ನಿಲ್ಲುತ್ತದೆ, ವೀರ್ಯಾಣು ಒಳಗೆ ಬಂದರೆ ಮಾತ್ರ ಮುಂದಕ್ಕೆ. ಇಷ್ಟು ವರ್ಷವೂ ಅದೇ ಹಳೇ ಬಳೆಗಳು ಹಿಡಿದಿರಬೇಕು. ಇಲಿಗಳ ಅಂಡಾಣುವಿನಲ್ಲಿ ನೋಡಿದಾಗ ಹೊಸ ಕೊಹೆಸಿನ್ ಸೇರುವುದು ಕಾಣಲಿಲ್ಲ, ವಯಸ್ಸಾದಂತೆ ಇದ್ದದ್ದೂ ಕಡಿಮೆಯಾಗಿತ್ತು. ತಾಯಿಯ ವಯಸ್ಸಿನ ಜೊತೆ ಟ್ರೈಸೋಮಿ ಹೆಚ್ಚುವುದಕ್ಕೆ ಇದು ಒಂದು ಮುಖ್ಯ ಕಾರಣ ಅಂತ ಈಗ ನಂಬಲಾಗಿದೆ.

ಕೊನೆಗೆ ಲೆಕ್ಕ. ತಾಯಿಯ ಎರಡು 21ನೇ ಕ್ರೋಮೋಸೋಮ್‌ಗಳಲ್ಲಿ ಸೆಂಟ್ರೋಮಿಯರ್ ಪಕ್ಕದ ಗುರುತು ಒಂದರಲ್ಲಿ ಎ, ಇನ್ನೊಂದರಲ್ಲಿ ಬಿ ಅಂದುಕೊಳ್ಳಿ. ತಂದೆಯದು ಸಿ ಮತ್ತು ಡಿ. ಡೌನ್ ಸಿಂಡ್ರೋಮ್ ಇರುವ ಮಗುವಿನಲ್ಲಿ ಎ, ಬಿ, ಸಿ ಕಂಡರೆ? ತಾಯಿಯ ಎರಡೂ ಕ್ರೋಮೋಸೋಮ್ ಒಂದೇ ಅಂಡಾಣುವಿಗೆ ಬಂದಿವೆ, ಅಂದರೆ ಜೋಡಿ ಬೇರೆಯಾಗಬೇಕಿದ್ದ ಮೊದಲ ವಿಭಜನೆಯಲ್ಲಿ ತಪ್ಪಾಗಿದೆ. ಎ, ಎ, ಸಿ ಕಂಡರೆ ಮೊದಲನೆಯದರಲ್ಲಿ ಬಿ ಸರಿಯಾಗಿ ದೂರ ಹೋಗಿದೆ, ಎ ಕ್ರೋಮೋಸೋಮಿನ ಎರಡು ಕ್ರೊಮ್ಯಾಟಿಡ್‌ಗಳು ಎರಡನೆಯದರಲ್ಲಿ ಬೇರೆಯಾಗಿಲ್ಲ. ಗುರುತು ಸೆಂಟ್ರೋಮಿಯರ್ ಪಕ್ಕದಲ್ಲೇ ಇರಬೇಕು ಅನ್ನೋದನ್ನು ಉತ್ತರದಲ್ಲಿ ಬಿಡಬೇಡಿ. ತೋಳಿನ ತುದಿಯ ಗುರುತಾದರೆ ಕ್ರಾಸಿಂಗ್ ಓವರ್‌ನಿಂದ ಒಂದೇ ಕ್ರೋಮೋಸೋಮಿನ ಎರಡು ಕ್ರೊಮ್ಯಾಟಿಡ್‌ಗಳಲ್ಲಿ ಒಂದರ ಮೇಲೆ ಎ, ಇನ್ನೊಂದರ ಮೇಲೆ ಬಿ ಕೂತಿರಬಹುದು. ಆಗ ಎರಡನೇ ವಿಭಜನೆಯ ತಪ್ಪೂ ಮೊದಲನೆಯದರ ತಪ್ಪಿನ ಹಾಗೇ ಕಾಣುತ್ತದೆ.